ಹೋಮ್ ಲೋನ್ ತಗೊಂಡ್ರೆ ಟ್ಯಾಕ್ಸ್ ಉಳಿಯುತ್ತೆ ಅಂತಾರಲ್ಲ, ಎಷ್ಟು ಉಳಿಯುತ್ತೆ? ಹಳೇ ಪದ್ಧತಿ, ಹೊಸ ಪದ್ಧತಿ, ಬಾಡಿಗೆಗೆ ಕೊಟ್ಟ ಮನೆ: ಮೂರರ ಲೆಕ್ಕ

ನಮ್ಮ ಅಕ್ಕನ ಮಗ ಹೋದ ವರ್ಷ ದಾವಣಗೆರೆಯಲ್ಲಿ ಮನೆ ತಗೊಂಡ. ಅಪ್ಪ ಅಮ್ಮ ಅಲ್ಲೇ ಇದ್ದಾರೆ, ಇವನು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಲೋನ್ ಮಾಡಿಸಿಕೊಟ್ಟ ಬ್ಯಾಂಕಿನ ಹುಡುಗ ಒಂದು ಹಾಳೆಯ ಮೇಲೆ ಲೆಕ್ಕ ಬರೆದು ಕೊಟ್ಟಿದ್ದನಂತೆ. ಅದನ್ನು ಫೋಟೋ ತೆಗೆದು ನನಗೆ ಕಳಿಸಿ, "ಮಾಮಾ, ಇದು ಸರಿನಾ ನೋಡಿ" ಅಂದ.

ಹಾಳೆಯಲ್ಲಿ ಇದ್ದದ್ದು ಇಷ್ಟು. ಬಡ್ಡಿಗೆ 2 ಲಕ್ಷ, ಅಸಲಿಗೆ 1.5 ಲಕ್ಷ, ಒಟ್ಟು 3.5 ಲಕ್ಷ ಕಡಿತ. ಅದಕ್ಕೆ ಶೇ 31.2 ತೆರಿಗೆ, ಅಂದರೆ ವರ್ಷಕ್ಕೆ 1,09,200 ರೂಪಾಯಿ ಉಳಿತಾಯ. ತಿಂಗಳಿಗೆ 9,100. "ಹಾಗಾಗಿ ಸಾರ್, ನಿಮ್ಮ ಇಎಂಐ 43,391 ಅಲ್ಲ, 34,291 ಅಷ್ಟೇ."

ಕೂಡಿಸಿದ್ದು, ಗುಣಿಸಿದ್ದು ಯಾವುದೂ ತಪ್ಪಿಲ್ಲ. ಆದರೂ ಉತ್ತರ ತಪ್ಪು. ನಾನು ಕೂತು ಲೆಕ್ಕ ಹಾಕಿದಾಗ ನಮ್ಮ ಹುಡುಗನಿಗೆ ಈ ಲೋನಿನಿಂದ ವರ್ಷಕ್ಕೆ ಉಳಿಯುವ ತೆರಿಗೆ 2,340 ರೂಪಾಯಿ ಅಂತ ಬಂತು. ಲಕ್ಷ ಅಲ್ಲ, ಸಾವಿರದ ಲೆಕ್ಕದಲ್ಲೇ ಎರಡು ಚಿಲ್ಲರೆ. ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ನೀವೂ ಲೋನ್ ತಗೊಳ್ಳೋ ಯೋಚನೆಯಲ್ಲಿದ್ದರೆ ನಿಮ್ಮ ಅಂಕಿ ಹಾಕಿ ನೋಡಿಕೊಳ್ಳಬಹುದು. ನಾನು ಬಳಸಿರೋದು 2025–26ರ ದರಗಳು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ, ಆದರೆ ಎಲ್ಲರ ಬಾಯಲ್ಲೂ ಇರೋದು ಹಳೇ ನಂಬರುಗಳೇ, ಇಲ್ಲೂ ಅವನ್ನೇ ಬರೆಯುತ್ತೇನೆ.

ಕಾನೂನು ಏನು ಕೊಡುತ್ತೆ

ಲೋನಿನ ಕಂತಿನಲ್ಲಿ ಎರಡು ಭಾಗ. ಬಡ್ಡಿಗೆ ಕಡಿತ ಸಿಗೋದು ಸೆಕ್ಷನ್ 24(ಬಿ) ಅಡಿ, ಅಸಲಿಗೆ ಸಿಗೋದು 80ಸಿ ಅಡಿ.

ನೀವೇ ಇರುವ ಮನೆಯಾದರೆ, ಅಥವಾ ಅಪ್ಪ ಅಮ್ಮ ಇದ್ದು ಬಾಡಿಗೆ ಬರದ ಮನೆಯಾದರೆ, ಬಡ್ಡಿಗೆ ವರ್ಷಕ್ಕೆ 2 ಲಕ್ಷ ಮಿತಿ. ನೀವು 4 ಲಕ್ಷ ಬಡ್ಡಿ ಕಟ್ಟಿದ್ದರೂ ಲೆಕ್ಕಕ್ಕೆ ಬರೋದು 2 ಲಕ್ಷವೇ. ಅಸಲಿಗೆ 1.5 ಲಕ್ಷ. ಆದರೆ ಆ 1.5 ಲಕ್ಷ ಹೋಮ್ ಲೋನಿಗೇ ಮೀಸಲು ಅಲ್ಲ. ಇಪಿಎಫ್, ಎಲ್‌ಐಸಿ ಕಂತು, ಪಿಪಿಎಫ್, ಮಕ್ಕಳ ಟ್ಯೂಷನ್ ಫೀ ಎಲ್ಲವೂ ಅದೇ ಡಬ್ಬಿಯೊಳಗೆ. ನೋಂದಣಿ ವರ್ಷದಲ್ಲಿ ಕಟ್ಟಿದ ಸ್ಟಾಂಪ್ ಡ್ಯೂಟಿ, ನೋಂದಣಿ ಶುಲ್ಕವೂ ಅಲ್ಲಿಗೇ ಬರುತ್ತೆ. ಸಂಬಳದಾರರಲ್ಲಿ ಬಹಳ ಜನರಿಗೆ ಈ ಡಬ್ಬಿ ಇಪಿಎಫ್‌ನಿಂದಲೇ ಅರ್ಧ ತುಂಬಿರುತ್ತೆ, ಕೆಲವರಿಗೆ ಪೂರ್ತಿ. ತುಂಬಿದ ಡಬ್ಬಿಗೆ ಅಸಲನ್ನು ಹಾಕಿದರೆ ಏನೂ ಸಿಗಲ್ಲ.

ಇನ್ನು ದೊಡ್ಡ ವಿಷಯ. ಈ ಎರಡು ಕಡಿತವೂ ಇರೋದು ಹಳೇ ಪದ್ಧತಿಯಲ್ಲಿ. ಈಗ ನೀವು ಏನೂ ಹೇಳದೇ ಇದ್ದರೆ ತಾನಾಗೇ ಅನ್ವಯವಾಗೋದು ಹೊಸ ಪದ್ಧತಿ. ಅದರಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೂ ಕಡಿತವಿಲ್ಲ, ಅಸಲಿಗೂ ಇಲ್ಲ. ಬದಲಿಗೆ ಸ್ಲ್ಯಾಬ್ ದರ ಕಡಿಮೆ, ಸ್ಟಾಂಡರ್ಡ್ ಡಿಡಕ್ಷನ್ 75,000 (ಹಳೇದರಲ್ಲಿ 50,000). ಸಂಬಳ 12.75 ಲಕ್ಷದವರೆಗೆ ಇದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ. ಸೊನ್ನೆಯಿಂದ ಕಡಿಮೆ ಮಾಡೋದು ಏನಿದೆ ಹೇಳಿ. ಅಷ್ಟು ಸಂಬಳದವರಿಗೆ, ಬಾಡಿಗೆ ಆದಾಯ ಏನೂ ಇಲ್ಲದಿದ್ದರೆ, ಹೋಮ್ ಲೋನಿನ ತೆರಿಗೆ ಲಾಭ ಸೊನ್ನೆ, ವಿಷಯ ಅಲ್ಲಿಗೇ ಮುಗೀತು.

ಹಳೇ ಪದ್ಧತಿಗೆ ಟಿಕೆಟ್ ಇದೆ

ಬ್ಯಾಂಕಿನ ಹುಡುಗ ಮರೆತದ್ದು, ಅಥವಾ ಹೇಳದೇ ಬಿಟ್ಟದ್ದು ಇದೇ. ಕಡಿತ ಬೇಕು ಅಂದ್ರೆ ಹಳೇ ಪದ್ಧತಿಯ ಒಳಗೆ ಹೋಗಬೇಕು, ಹೋಗೋದಕ್ಕೆ ಟಿಕೆಟ್ ತಗೋಬೇಕು. ಟಿಕೆಟ್ ದರ ಅಂದರೆ ಹಳೇ ಸ್ಲ್ಯಾಬಿನಲ್ಲಿ ಜಾಸ್ತಿ ಬೀಳೋ ತೆರಿಗೆ.

ನಮ್ಮ ಹುಡುಗನ ಸಂಬಳ ವರ್ಷಕ್ಕೆ 15 ಲಕ್ಷ. ಹೊಸ ಪದ್ಧತಿಯಲ್ಲಿ 75,000 ಕಳೆದು 14.25 ಲಕ್ಷದ ಮೇಲೆ ತೆರಿಗೆ. ಮೊದಲ 4 ಲಕ್ಷಕ್ಕೆ ಏನಿಲ್ಲ, ಮುಂದಿನ 4 ಲಕ್ಷಕ್ಕೆ ಶೇ 5ರಂತೆ 20,000, ಅದರ ಮುಂದಿನ 4 ಲಕ್ಷಕ್ಕೆ ಶೇ 10ರಂತೆ 40,000, ಉಳಿದ 2.25 ಲಕ್ಷಕ್ಕೆ ಶೇ 15ರಂತೆ 33,750. ಸೆಸ್ ಸೇರಿ 97,500 ರೂಪಾಯಿ.

ಇದೇ ಸಂಬಳ ಹಳೇ ಪದ್ಧತಿಯಲ್ಲಿ, ಸ್ಟಾಂಡರ್ಡ್ ಡಿಡಕ್ಷನ್ ಬಿಟ್ಟು ಬೇರೆ ಒಂದೂ ಕಡಿತ ಇಲ್ಲದೇ ಹಾಕಿದರೆ 2,57,400. ವ್ಯತ್ಯಾಸ 1,59,900. ಅದೇ ಅವನ ಟಿಕೆಟ್ ದರ. ಅವನ ಎಲ್ಲಾ ಕಡಿತಗಳೂ ಸೇರಿ ಮೊದಲು ಈ 1,59,900ನ್ನು ವಾಪಸ್ ದುಡಿಯಬೇಕು. ಅದರ ಮೇಲೆ ಉಳಿದದ್ದು ಮಾತ್ರ ಲಾಭ.

ಸರಿ, ಅವನ ಹತ್ತಿರ ಏನೇನಿದೆ? ಮೂಲ ವೇತನ ತಿಂಗಳಿಗೆ 50,000, ಹಾಗಾಗಿ ಇಪಿಎಫ್ ವರ್ಷಕ್ಕೆ 72,000. ಲೋನು 50 ಲಕ್ಷ, ಶೇ 8.5, 20 ವರ್ಷ. ಮೊದಲ ವರ್ಷ ಕಟ್ಟೋ 5.2 ಲಕ್ಷದಲ್ಲಿ ಬಡ್ಡಿಯೇ 4,21,180, ಅಸಲು ಬರೀ 99,500 ಚಿಲ್ಲರೆ. (ಮೊದಮೊದಲ ಸ್ಟೇಟ್‌ಮೆಂಟ್ ನೋಡಿದವರಿಗೆ ಹೊಟ್ಟೆ ಉರಿಯೋದು ಇಲ್ಲೇ.) 80ಸಿ ಡಬ್ಬಿಯಲ್ಲಿ ಇಪಿಎಫ್ 72,000 ಕೂತಿದೆ, ಉಳಿದ ಜಾಗ 78,000. ಅಸಲಿನಲ್ಲಿ ಅಷ್ಟು ಹೊಕ್ಕಿತು, ಮಿಕ್ಕದ್ದು ಹೊರಗೆ. ಬಡ್ಡಿಯಲ್ಲಿ 2 ಲಕ್ಷ. ಆರೋಗ್ಯ ವಿಮೆ 25,000.

ಇನ್ನು ಎಚ್‌ಆರ್‌ಎ. ಬಾಡಿಗೆ ತಿಂಗಳಿಗೆ 20,000, ಕಂಪನಿ ಕೊಡೋ ಎಚ್‌ಆರ್‌ಎಯೂ 20,000. ವರ್ಷದ ಬಾಡಿಗೆ 2.4 ಲಕ್ಷದಲ್ಲಿ ಮೂಲ ವೇತನದ ಶೇ 10, ಅಂದರೆ 60,000 ಕಳೆದರೆ 1.8 ಲಕ್ಷ ವಿನಾಯಿತಿ. "ಸ್ವಂತ ಮನೆ ಇದ್ದೂ ಎಚ್‌ಆರ್‌ಎ ತಗೋಬಹುದಾ ಮಾಮಾ?" ಅಂತ ಅವನೇ ಕೇಳಿದ. ತಗೋಬಹುದು. ಮನೆ ದಾವಣಗೆರೆಯಲ್ಲಿ, ಕೆಲಸ ಬೆಂಗಳೂರಿನಲ್ಲಿ, ಬಾಡಿಗೆ ನಿಜವಾಗಿ ಕಟ್ಟುತ್ತಿದ್ದಾನೆ. ಎರಡೂ ಸಿಗುತ್ತೆ.

ಎಲ್ಲಾ ಸೇರಿ 5,55,000, ಸ್ಟಾಂಡರ್ಡ್ ಡಿಡಕ್ಷನ್ ಬೇರೆ. ತೆರಿಗೆ ಬೀಳೋ ಆದಾಯ 8,95,000ಕ್ಕೆ ಇಳಿಯಿತು. ತೆರಿಗೆ 91,500, ಸೆಸ್ ಸೇರಿ 95,160.

97,500ರಲ್ಲಿ 95,160 ಕಳೆದರೆ 2,340. ಇಷ್ಟೇ.

ಇಲ್ಲಿ ಒಬ್ಬರು ವಾದ ಮಾಡಬಹುದು. ಹಳೇ ಪದ್ಧತಿಯಲ್ಲೇ ಲೋನ್ ಇಲ್ಲದೇ ಅವನ ತೆರಿಗೆ 1,70,976 ಆಗ್ತಿತ್ತು, ಲೋನ್ ಇದ್ದದ್ದಕ್ಕೆ 95,160 ಆಯಿತು, ಹಾಗಾದರೆ 75,816 ಉಳಿಯಿತಲ್ವಾ ಅಂತ. ಇಲ್ಲ. ಲೋನ್ ಇಲ್ಲದಿದ್ದರೆ ಅವನು ಹಳೇ ಪದ್ಧತಿಯಲ್ಲಿ ಯಾಕೆ ಇರುತ್ತಿದ್ದ? ಹೊಸದಕ್ಕೆ ಹೋಗಿ 97,500 ಕಟ್ಟಿ ಆರಾಮಾಗಿರುತ್ತಿದ್ದ. ಹೋಲಿಸಬೇಕಾದ್ದು ಇದನ್ನು: ಲೋನ್ ಇಲ್ಲದೇ ಎರಡು ಪದ್ಧತಿಯಲ್ಲಿ ಯಾವುದು ಕಡಿಮೆಯೋ ಆ ತೆರಿಗೆ, ಲೋನ್ ಇದ್ದು ಎರಡರಲ್ಲಿ ಯಾವುದು ಕಡಿಮೆಯೋ ಆ ತೆರಿಗೆ. ಇವೆರಡರ ವ್ಯತ್ಯಾಸವೇ ಲೋನ್ ಉಳಿಸಿದ ತೆರಿಗೆ. ಬೇರೆ ಯಾವ ವ್ಯತ್ಯಾಸ ತೋರಿಸಿದರೂ ಅದು ಮಾರೋದಕ್ಕೆ ಮಾಡಿದ ಲೆಕ್ಕ.

ಬಡ್ಡಿ ದರಕ್ಕೆ ಏನಾಗುತ್ತೆ

ಬ್ಯಾಂಕಿನ ಹಾಳೆ ನಂಬಿದರೆ ಮೊದಲ ವರ್ಷದ 4.21 ಲಕ್ಷ ಬಡ್ಡಿಯಲ್ಲಿ 1.09 ಲಕ್ಷ ವಾಪಸ್ ಬಂತು. ಅಂದರೆ ಶೇ 8.5ರ ಲೋನು ನಿಜದಲ್ಲಿ ಶೇ 6.3ರ ಸುಮಾರಿಗೆ ಬಿತ್ತು. ಇದು ಕೇಳೋಕೆ ಚೆನ್ನಾಗಿದೆ, ಎಫ್‌ಡಿಗಿಂತ ಅಗ್ಗ ಅನ್ನಿಸುತ್ತೆ. ಇನ್ನೂ ಕೆಲವರು ಮಿತಿಯನ್ನೇ ಮರೆತು ಇಡೀ ಬಡ್ಡಿಗೆ ಶೇ 31.2 ಕಳೆದು ಶೇ 5.85 ಅಂತಾರೆ.

ನಿಜವಾದ ಉಳಿತಾಯ 2,340 ಹಾಕಿ ನೋಡಿದರೆ ದರ ಶೇ 8.45. ಅಂದರೆ ಹಾಗೇ ಇದೆ, ಎಲ್ಲೂ ಹೋಗಿಲ್ಲ.

ಇದು ಮೊದಲ ವರ್ಷದ ಮಾತು, ಮುಂದೆ ಸರಿಹೋಗುತ್ತೆ ಅಂತ ಕಾಯೋದೂ ಬೇಡ. ಈ ಲೋನಿನಲ್ಲಿ ವರ್ಷದ ಬಡ್ಡಿ 2 ಲಕ್ಷಕ್ಕಿಂತ ಕೆಳಗೆ ಇಳಿಯೋದು 15ನೇ ವರ್ಷದಲ್ಲಿ. ಅಲ್ಲಿವರೆಗೆ ಪ್ರತಿ ವರ್ಷ 2 ಲಕ್ಷದ ಮೇಲಿನ ಬಡ್ಡಿ ಸುಮ್ನೆ ಹೋಗುತ್ತೆ. ಆಮೇಲೆ ಮಿತಿಯ ಕಾಟ ತಪ್ಪುತ್ತೆ, ಆದರೆ ಕಡಿತ ಮಾಡೋಕೆ ಬಡ್ಡಿಯೇ ಕಡಿಮೆ. ಈ ನಡುವೆ ಅವನ ಸಂಬಳವೂ ಏರುತ್ತೆ, ಸಂಬಳ ಏರಿದ ಹಾಗೆ ಟಿಕೆಟ್ ದರವೂ ಏರುತ್ತೆ.

ಎಷ್ಟು ಏರುತ್ತೆ ಅನ್ನೋದು ಕೆಳಗಿದೆ. ಸ್ಟಾಂಡರ್ಡ್ ಡಿಡಕ್ಷನ್ ಬಿಟ್ಟು, ಹಳೇ ಪದ್ಧತಿ ಹೊಸದಕ್ಕೆ ಸರಿಸಮ ಆಗಬೇಕಾದರೆ ಇಷ್ಟು ಕಡಿತ ನಿಮ್ಮ ಹತ್ತಿರ ಇರಬೇಕು:

| ವರ್ಷದ ಸಂಬಳ | ಬೇಕಾದ ಕಡಿತ |
|---|---|
| 14 ಲಕ್ಷ | 5.19 ಲಕ್ಷ |
| 15 ಲಕ್ಷ | 5.44 ಲಕ್ಷ |
| 20 ಲಕ್ಷ | 7.08 ಲಕ್ಷ |
| 25 ಲಕ್ಷ | 8 ಲಕ್ಷ |

ಹೋಮ್ ಲೋನು ಎಷ್ಟೇ ದೊಡ್ಡದಿರಲಿ, ಬಡ್ಡಿ 2 ಲಕ್ಷ, 80ಸಿ 1.5 ಲಕ್ಷ, ಆರೋಗ್ಯ ವಿಮೆ 25,000 ಸೇರಿದರೆ 3.75 ಲಕ್ಷ. ಈ ಪಟ್ಟಿಯ ಯಾವ ಸಾಲಿಗೂ ಅದು ಸಾಲದು. ಅಂದರೆ ಲೋನಿನ ಜೊತೆಗೆ ದೊಡ್ಡದೊಂದು ಬೇರೆ ಕಡಿತ ಇದ್ದವರಿಗೆ ಮಾತ್ರ ಹಳೇ ಪದ್ಧತಿ. ಸಾಮಾನ್ಯವಾಗಿ ಅದು ಎಚ್‌ಆರ್‌ಎ. 25 ಲಕ್ಷ ಸಂಬಳ, 12.5 ಲಕ್ಷ ಮೂಲ ವೇತನ, ತಿಂಗಳಿಗೆ 50,000 ಬಾಡಿಗೆ ಕಟ್ಟೋರು, ಊರಲ್ಲಿ ಲೋನಿನ ಮನೆ ಇರೋರು ಇದ್ದಾರಲ್ಲ, ಅವರಿಗೆ ಎಚ್‌ಆರ್‌ಎ 4.75 ಲಕ್ಷ, ಉಳಿದದ್ದು 3.75, ಒಟ್ಟು 8.5 ಲಕ್ಷ. ಟಿಕೆಟ್ ಕಳೆದು ಅವರಿಗೆ ಉಳಿಯೋದು 15,600 ರೂಪಾಯಿ. ಇದೂ ದೊಡ್ಡ ಮೊತ್ತವೇನಲ್ಲ, ಆದರೆ ಇದೆ. ಇದರ ಜೊತೆಗೆ ವಯಸ್ಸಾದ ಅಪ್ಪ ಅಮ್ಮನ ವಿಮೆ, ಎನ್‌ಪಿಎಸ್‌ನ ಹೆಚ್ಚುವರಿ 50,000, ಓದಿಗೆ ತಗೊಂಡ ಸಾಲದ ಬಡ್ಡಿ ಇದ್ದರೆ ಹಳೇ ಪದ್ಧತಿ ಇನ್ನೂ ಗಟ್ಟಿ.

ಇನ್ನೊಂದು ಗುಂಪಿಗೂ ಹಳೇದು ಹೊಂದಬಹುದು. 2019ರ ಏಪ್ರಿಲ್‌ನಿಂದ 2022ರ ಮಾರ್ಚ್ ಒಳಗೆ ಲೋನ್ ಮಂಜೂರಾಗಿ, ಮನೆಯ ಸ್ಟಾಂಪ್ ಮೌಲ್ಯ 45 ಲಕ್ಷದ ಒಳಗಿದ್ದು, ಅದೇ ಮೊದಲ ಮನೆಯಾಗಿದ್ದರೆ 80ಇಇಎ ಅಡಿ ಬಡ್ಡಿಗೆ ಇನ್ನೂ 1.5 ಲಕ್ಷ ಸಿಗುತ್ತೆ. ಲೋನ್ ಮುಗಿಯೋವರೆಗೂ. ಈಗ ಹೊಸದಾಗಿ ಲೋನ್ ತಗೊಳ್ಳೋರಿಗೆ ಅದು ಇಲ್ಲ.

ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಮಾಡಿಸಿದರೆ ಡಬಲ್ ಲಾಭ ಅನ್ನೋ ಮಾತೂ ಇದೇ ಗುಂಡಿಯಲ್ಲಿ ಬೀಳುತ್ತೆ. ಮನೆಯ ಪತ್ರದಲ್ಲೂ ಲೋನಿನಲ್ಲೂ ಇಬ್ಬರ ಹೆಸರಿದ್ದರೆ ಇಬ್ಬರಿಗೂ ಬೇರೆ ಬೇರೆ 2 ಲಕ್ಷ, 1.5 ಲಕ್ಷ ಹೌದು. ಆದರೆ ಟಿಕೆಟ್ಟೂ ಇಬ್ಬರಿಗೂ ಬೇರೆ ಬೇರೆ. ಒಂದೇ ಬಾಡಿಗೆಯನ್ನು ಇಬ್ಬರೂ ಪೂರ್ತಿ ತೋರಿಸೋಕೆ ಆಗಲ್ಲ. ಒಬ್ಬರು ಹಳೇದು, ಒಬ್ಬರು ಹೊಸದು ಆರಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ಬಾಡಿಗೆ ಯಾರ ಖಾತೆಯಿಂದ ಹೋಗುತ್ತೋ, ಯಾರ ಹತ್ತಿರ ಬೇರೆ ಕಡಿತ ಇದೆಯೋ ಅವರಿಗೆ ಹಳೇದು ನೋಡಿ.

ಬಾಡಿಗೆಗೆ ಕೊಟ್ಟರೆ

ಇಲ್ಲಿ ಕಥೆ ಬೇರೆ. ಹೊಸ ಪದ್ಧತಿಯಲ್ಲೂ ಬಡ್ಡಿಗೆ ಬೆಲೆ ಸಿಗೋದು ಬಾಡಿಗೆಗೆ ಕೊಟ್ಟ ಮನೆಯಲ್ಲಿ ಮಾತ್ರ.

ಅಕ್ಕ ಭಾವ ಬೆಂಗಳೂರಿಗೆ ಬಂದು ಮಗನ ಜೊತೆ ಇದ್ದು, ದಾವಣಗೆರೆಯ ಮನೆಯನ್ನು ತಿಂಗಳಿಗೆ 15,000ಕ್ಕೆ ಕೊಟ್ಟರು ಅಂದುಕೊಳ್ಳಿ. ವರ್ಷಕ್ಕೆ 1.8 ಲಕ್ಷ. ಪಾಲಿಕೆಗೆ ಕಟ್ಟಿದ ಕಂದಾಯ 6,000 ಕಳೆಯಿರಿ, 1,74,000. ಇದರಲ್ಲಿ ಶೇ 30ನ್ನು ರಿಪೇರಿ ಇತ್ಯಾದಿಗೆ ಅಂತ ಇಲಾಖೆಯೇ ಬಿಟ್ಟುಕೊಡುತ್ತೆ, ನೀವು ಸುಣ್ಣ ಹೊಡೆಸಿದರೂ ಹೊಡೆಸದಿದ್ದರೂ. ಉಳಿದದ್ದು 1,21,800. ಇದರಿಂದ ಬಡ್ಡಿ ಕಳೆಯಬಹುದು, ಬಾಡಿಗೆ ಮನೆಗೆ 2 ಲಕ್ಷದ ಮಿತಿ ಇಲ್ಲ. ಬಡ್ಡಿ 4.21 ಲಕ್ಷ ಇದೆ, ಬಾಡಿಗೆ ಆದಾಯ ಪೂರ್ತಿ ಮುಚ್ಚಿಹೋಯಿತು.

ಹೊಸ ಪದ್ಧತಿಯಲ್ಲಿ ಕಡಿತ ಇಲ್ಲಿಗೇ ನಿಲ್ಲುತ್ತೆ. ಮಿಕ್ಕ ಮೂರು ಲಕ್ಷದ ನಷ್ಟವನ್ನು ಸಂಬಳದಿಂದ ಕಳೆಯೋ ಹಾಗಿಲ್ಲ. ಆದರೂ ಲಾಭ ಇದೆ. ಲೋನ್ ಇಲ್ಲದಿದ್ದರೆ ಆ 1,21,800ಕ್ಕೆ ಶೇ 15.6ರಂತೆ ಸುಮಾರು 19,000 ತೆರಿಗೆ ಕಟ್ಟಬೇಕಿತ್ತು, ಈಗ ಇಲ್ಲ. ಟಿಕೆಟ್ ಇಲ್ಲದೇ ಸಿಕ್ಕ 19,000.

ಹಳೇ ಪದ್ಧತಿಯಲ್ಲಾದರೆ ನಷ್ಟದಲ್ಲಿ 2 ಲಕ್ಷವನ್ನು ಸಂಬಳದಿಂದ ಕಳೆಯಬಹುದು, ಉಳಿದ 99,000 ಚಿಲ್ಲರೆಯನ್ನು ಮುಂದಿನ 8 ವರ್ಷ ಮನೆ ಬಾಡಿಗೆಯ ಆದಾಯದ ಎದುರು ಬಳಸಬಹುದು. ಅವನ ಎಚ್‌ಆರ್‌ಎ ಎಲ್ಲಾ ಸೇರಿ ತೆರಿಗೆ ಮತ್ತೆ ಅದೇ 95,160ಕ್ಕೆ ಬಂದು ನಿಲ್ಲುತ್ತೆ. ಹೊಸದರಲ್ಲಿ 97,500. ಇಲ್ಲೂ ವ್ಯತ್ಯಾಸ 2,340 ಮಾತ್ರ. ಒಟ್ಟಿನಲ್ಲಿ ಬಾಡಿಗೆ ಕೊಟ್ಟಾಗ ಲೋನಿನಿಂದ ಅವನಿಗೆ ಉಳಿಯೋ ತೆರಿಗೆ 21,000 ಚಿಲ್ಲರೆ, ಶೇ 8.5ರ ದರ ಶೇ 8.07ರ ಹತ್ತಿರ ಬರುತ್ತೆ. ತೆರಿಗೆಗಿಂತ ಕೈಗೆ ಬರೋ 1.8 ಲಕ್ಷ ಬಾಡಿಗೆಯೇ ಇಲ್ಲಿ ದೊಡ್ಡದು ಅನ್ನೋದನ್ನೂ ನೋಡಿ.

ಅಪ್ಪ ಅಮ್ಮ ಇರೋ ಮನೆಗೆ ಅವರೇ ಬಾಡಿಗೆ ಕೊಡ್ತಾರೆ ಅಂತ ಕಾಗದದಲ್ಲಿ ತೋರಿಸಿದರೆ ಹೇಗೆ ಅಂತ ಒಬ್ಬರು ಕೇಳಿದ್ದರು. ಹಣ ನಿಜವಾಗಿ ಕೈ ಬದಲಾಗದೇ ಕಾಗದದಲ್ಲಿ ಮಾತ್ರ ಬಾಡಿಗೆ ಬರೆದರೆ ನೋಟಿಸು ಬಂದ ದಿನ ತೋರಿಸೋಕೆ ಏನೂ ಇರಲ್ಲ. ಮಾಡಬೇಡಿ.

ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟ್

ಬೆಂಗಳೂರಿನಲ್ಲಿ ಬಹಳ ಜನ ತಗೊಳ್ಳೋದು ಇದನ್ನೇ, ಅದಕ್ಕೆ ಒಂದು ಮಾತು. ಕೀ ಕೈಗೆ ಬರುವ ಮೊದಲು ಕಟ್ಟಿದ ಬಡ್ಡಿಗೆ ಆಗಲೇ ಕಡಿತ ಇಲ್ಲ. ಮನೆ ಮುಗಿದ ವರ್ಷದಿಂದ ಐದು ಸಮ ಕಂತಿನಲ್ಲಿ ಸಿಗುತ್ತೆ. ಆದರೆ ಸ್ವಂತ ವಾಸಕ್ಕೆ ಅದೂ ಅದೇ 2 ಲಕ್ಷದೊಳಗೆ. ಆ ವರ್ಷದ ಬಡ್ಡಿಯೇ 4 ಲಕ್ಷ ಇರುವಾಗ ಹಳೇ ಬಡ್ಡಿಗೆ ಜಾಗ ಎಲ್ಲಿದೆ? ಹಾಗಾಗಿ ದೊಡ್ಡ ಲೋನಿಗೆ ಕಟ್ಟಡದ ಕಾಲದ ಬಡ್ಡಿ ತೆರಿಗೆ ಲೆಕ್ಕದಲ್ಲಿ ಪೂರ್ತಿ ನೀರಿಗೆ ಹೋದ ಹಾಗೆ.

ಇನ್ನೊಂದು, ಲೋನ್ ತಗೊಂಡ ಆರ್ಥಿಕ ವರ್ಷ ಮುಗಿದ ಮೇಲೆ 5 ವರ್ಷದೊಳಗೆ ಮನೆ ಮುಗಿಯಬೇಕು. ಬಿಲ್ಡರ್ ಎಳೆದು ಎಳೆದು ಆರನೇ ವರ್ಷಕ್ಕೆ ಕೀ ಕೊಟ್ಟರೆ ಸ್ವಂತ ವಾಸದ ಬಡ್ಡಿ ಮಿತಿ 2 ಲಕ್ಷದಿಂದ 30,000ಕ್ಕೆ ಇಳಿಯುತ್ತೆ. ತಪ್ಪು ಬಿಲ್ಡರದ್ದು, ಕಡಿತ ಹೋಗೋದು ನಿಮ್ಮದು.

ಕಾಗದದಲ್ಲಿ ಎಡವುವ ಜಾಗಗಳು

ನಮ್ಮ ಹುಡುಗನ 2,340 ಎಷ್ಟು ಸಪೂರ ದಾರದಲ್ಲಿ ನೇತಾಡ್ತಿದೆ ಅಂದ್ರೆ, ಒಂದು ಕಾಗದ ತಪ್ಪಿದರೂ ಕಿತ್ತುಹೋಗುತ್ತೆ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಕಂಪನಿಗೆ ಮನೆ ಓನರ್ ಪ್ಯಾನ್ ಕೊಡಬೇಕು. ಅವನ ಓನರ್ "ಪ್ಯಾನ್ ಎಲ್ಲಾ ಯಾಕಪ್ಪಾ" ಅಂತ ಎರಡು ತಿಂಗಳು ಆಟ ಆಡಿಸಿದರು. ಎಚ್‌ಆರ್‌ಎ ಬಿದ್ದುಹೋಗಿದ್ದರೆ ಹಳೇ ಪದ್ಧತಿಗೆ ಅರ್ಥವೇ ಇರುತ್ತಿರಲಿಲ್ಲ.

ವ್ಯಾಪಾರದ ಆದಾಯ ಇಲ್ಲದ ಸಂಬಳದಾರರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ಏಪ್ರಿಲ್‌ನಲ್ಲಿ ಕಂಪನಿಗೆ ಒಂದು ಹೇಳಿ, ರಿಟರ್ನ್ ಹಾಕುವಾಗ ಇನ್ನೊಂದು ಆರಿಸಿದರೂ ನಡೆಯುತ್ತೆ. ಆದರೆ ಹಳೇದು ಬೇಕಿದ್ದರೆ ಗಡುವಿನೊಳಗೇ ರಿಟರ್ನ್ ಹಾಕಬೇಕು. ತಡವಾಗಿ ಹಾಕಿದರೆ ಹೊಸದೇ ಗತಿ.

ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟು ಎರಡು ಸಲ ಬರುತ್ತೆ. ವರ್ಷದ ನಡುವೆ ಕೊಡೋದು ಅಂದಾಜಿನದು, ಮಾರ್ಚ್ ಮುಗಿದ ಮೇಲೆ ಬರೋದು ನಿಜದ್ದು. ರಿಟರ್ನ್‌ಗೆ ಎರಡನೆಯದನ್ನೇ ಇಟ್ಟುಕೊಳ್ಳಿ. ಅದರಲ್ಲಿ ಅಸಲು ಬೇರೆ, ಬಡ್ಡಿ ಬೇರೆ ಇರುತ್ತೆ. ಅಸಲಿಗೆ ಕಡಿತ ಸಿಗೋದು ನಿಜವಾಗಿ ಕಟ್ಟಿದ್ದಕ್ಕೆ, ಬಡ್ಡಿಗೆ ಆ ವರ್ಷಕ್ಕೆ ಲೆಕ್ಕ ಬಿದ್ದದ್ದಕ್ಕೆ. ಸಂಬಂಧಿಕರ ಹತ್ತಿರ ಬಡ್ಡಿಗೆ ಸಾಲ ತಗೊಂಡು ಮನೆ ಕಟ್ಟಿದ್ದರೆ ಆ ಬಡ್ಡಿಗೂ 24(ಬಿ) ಸಿಗುತ್ತೆ, ಅವರಿಂದ ಸರ್ಟಿಫಿಕೇಟ್ ಬರೆಸಿಕೊಂಡಿರಬೇಕು. ಅಸಲಿನ 80ಸಿ ಮಾತ್ರ ಸಿಗಲ್ಲ.

ಹಳೇ ಪದ್ಧತಿಯಲ್ಲಿ ಅಸಲಿಗೆ ಕಡಿತ ತಗೊಂಡು, ಮನೆ ಕೈಗೆ ಬಂದ ಆರ್ಥಿಕ ವರ್ಷದ ಕೊನೆಯಿಂದ 5 ವರ್ಷದೊಳಗೆ ಮಾರಿದರೆ, ಅಲ್ಲಿವರೆಗೆ 80ಸಿಯಲ್ಲಿ ತಗೊಂಡದ್ದೆಲ್ಲ ಮಾರಿದ ವರ್ಷದ ಆದಾಯಕ್ಕೆ ಸೇರುತ್ತೆ. ಬಡ್ಡಿಯ ಕಡಿತಕ್ಕೆ ಈ ಕಾಟವಿಲ್ಲ. ಊರು ಬದಲಿಸೋ ಕೆಲಸದಲ್ಲಿರೋರು ಇದನ್ನು ನೆನಪಿಡಿ.

ಹಾಗಾದರೆ ಕೈಯಲ್ಲಿ ದುಡ್ಡಿದ್ದರೆ ಲೋನಿಗೆ ಹಾಕೋದಾ, ಇಟ್ಟುಕೊಳ್ಳೋದಾ

"ಟ್ಯಾಕ್ಸ್ ಬೆನಿಫಿಟ್ ಹೋಗುತ್ತೆ, ಲೋನ್ ಬೇಗ ತೀರಿಸಬೇಡ" ಅನ್ನೋ ಸಲಹೆ ಆಫೀಸಿನಲ್ಲಿ ಎಲ್ಲರೂ ಕೊಡ್ತಾರೆ. ಒಂದು ಕಾಲದಲ್ಲಿ ಅದರಲ್ಲಿ ಅರ್ಥ ಇತ್ತು. ಈಗ ಸ್ವಂತ ವಾಸದ ಮನೆ, ಹೊಸ ಪದ್ಧತಿ ಆದರೆ ಹೋಗೋಕೆ ಬೆನಿಫಿಟ್ಟೇ ಇಲ್ಲ. ಹಳೇ ಪದ್ಧತಿಯಲ್ಲೂ ಬಡ್ಡಿ 2 ಲಕ್ಷದ ಮೇಲಿರುವಷ್ಟು ಕಾಲ ಆ ಮೇಲಿನ ಭಾಗ ತೀರಿಸಿದರೆ ಕಡಿತ ಒಂದು ರೂಪಾಯಿಯೂ ಕಡಿಮೆಯಾಗಲ್ಲ.

ಶೇ 7ರ ಎಫ್‌ಡಿ ಇಟ್ಟರೆ, ಶೇ 15.6 ತೆರಿಗೆ ಕಳೆದು ಕೈಗೆ ಬರೋದು ಶೇ 5.9. ಶೇ 31.2ರ ಸ್ಲ್ಯಾಬಿನವರಿಗೆ ಶೇ 4.8. ಲೋನಿಗೆ ಹಾಕಿದರೆ ಉಳಿಯೋದು ಶೇ 8.5, ಅದಕ್ಕೆ ತೆರಿಗೆ ಇಲ್ಲ. ನಮ್ಮ ಹುಡುಗನ ಲೋನಿನಲ್ಲಿ ಮೊದಲ ವರ್ಷದ ಕೊನೆಗೆ 5 ಲಕ್ಷ ಹೆಚ್ಚುವರಿ ಕಟ್ಟಿ, ಇಎಂಐ ಅಷ್ಟೇ ಇಟ್ಟು ಅವಧಿ ಇಳಿಸಿದರೆ ಸುಮಾರು 48 ಕಂತು ತಪ್ಪುತ್ತೆ. ನಾಲ್ಕು ವರ್ಷ. ಅಷ್ಟು ಕಂತು ಅಂದರೆ ಸುಮಾರು 21 ಲಕ್ಷ, ಕಟ್ಟಿದ 5 ಲಕ್ಷ ಕಳೆದರೂ 16 ಲಕ್ಷದ ಹತ್ತಿರ ಬಡ್ಡಿ ಉಳಿಯಿತು. ಬದಲಾಗುವ ದರದ ಲೋನಿಗೆ, ಸ್ವಂತಕ್ಕೆ ತಗೊಂಡ ವ್ಯಕ್ತಿಗಳಿಂದ, ಮುಂಚೆ ಕಟ್ಟಿದ್ದಕ್ಕೆ ದಂಡ ವಸೂಲಿ ಮಾಡೋ ಹಾಗಿಲ್ಲ. ಆದರೆ ಬ್ಯಾಂಕಿನಲ್ಲಿ "ಇಎಂಐ ಬೇಡ, ಅವಧಿ ಕಡಿಮೆ ಮಾಡಿ" ಅಂತ ಬಾಯಿ ಬಿಟ್ಟು ಹೇಳಿ, ಬರೆದು ಕೊಡಿ. ಹೇಳದಿದ್ದರೆ ಅವರಿಗೆ ತೋಚಿದ್ದು ಮಾಡ್ತಾರೆ. ಆರು ತಿಂಗಳ ಖರ್ಚಿನ ದುಡ್ಡನ್ನು ಮಾತ್ರ ಲೋನಿಗೆ ಸುರಿಯಬೇಡಿ, ಕಟ್ಟಿದ್ದು ವಾಪಸ್ ಬರಲ್ಲ.

ಬಾಡಿಗೆಗೆ ಕೊಟ್ಟ ಮನೆಯಾದರೆ ಒಂದು ತಿರುವು ಇದೆ. ಹೊಸ ಪದ್ಧತಿಯಲ್ಲಿ ಬಾಡಿಗೆಯ ಆದಾಯವನ್ನು ಮುಚ್ಚೋಕೆ ಬೇಕಾದಷ್ಟು ಬಡ್ಡಿಗೆ ಬೆಲೆ ಇದೆ, ನಮ್ಮ ಲೆಕ್ಕದಲ್ಲಿ 1,21,800. ಅಷ್ಟು ಬಡ್ಡಿ ಹುಟ್ಟಿಸೋ ಸಾಲ, ಅಂದರೆ ಸುಮಾರು 14 ಲಕ್ಷ, ಶೇ 8.5 ಬದಲು ಶೇ 7.2ರಂತೆ ಬೀಳುತ್ತೆ. ಅದರ ಮೇಲಿನ ಸಾಲವೆಲ್ಲ ಪೂರ್ತಿ ಶೇ 8.5. ಮೊದಲು ತೀರಿಸಬೇಕಾದ್ದು ಆ ಮೇಲಿನದು.

ನಮ್ಮ ಹುಡುಗನಿಗೆ ಇದೆಲ್ಲ ಹೇಳಿದ ಮೇಲೆ ಅವನು ಇಲಾಖೆಯ incometax.gov.in ನಲ್ಲಿರೋ ಕ್ಯಾಲ್ಕುಲೇಟರಿಗೆ ಎರಡು ಸಲ ಅಂಕಿ ಹಾಕಿ ನೋಡಿದ, ಒಮ್ಮೆ ಲೋನ್ ಇಟ್ಟು, ಒಮ್ಮೆ ತೆಗೆದು. ಆಮೇಲೆ ಫೋನ್ ಮಾಡಿ, "ಮಾಮಾ, ಮನೆ ತಗೊಂಡಿದ್ದಕ್ಕೆ ಬೇಜಾರಿಲ್ಲ, ಅಮ್ಮಂಗೆ ಮನೆ ಆಯ್ತು. ಆ 9,100 ನಂಬಿ ಕಾರು ಬುಕ್ ಮಾಡಿದ್ದೆ" ಅಂದ. ಕಾರಿನ ಬುಕಿಂಗ್ ಕ್ಯಾನ್ಸಲ್ ಆಯಿತು, ಈ ಸಲದ ಬೋನಸ್ ಲೋನಿಗೆ ಹೋಗುತ್ತಿದೆ.